ಪದೇ ಪದೇ ರೀಸ್ಟಾರ್ಟ್ ಆಗುವ ರೂಟರ್‌ಗೆ ಬೇಕಿರುವುದು ಗಾಳಿ

ಸಿನಿಮಾ ಅರ್ಧಕ್ಕೆ ಬಂದಿರುತ್ತದೆ, ಇಂಟರ್ನೆಟ್ ಹೋಗುತ್ತದೆ. ಎದ್ದು ಹೋಗಿ ನೋಡಿದರೆ ರೂಟರ್‌ನ ದೀಪಗಳೆಲ್ಲ ಒಮ್ಮೆ ಆರಿ ಒಂದೊಂದಾಗಿ ಹೊತ್ತಿಕೊಳ್ಳುತ್ತಿವೆ. ಎರಡು ಮೂರು ನಿಮಿಷದಲ್ಲಿ ಎಲ್ಲ ಸರಿ. ಒಂದು ಗಂಟೆ ಕಳೆದರೆ ಮತ್ತೆ ಅದೇ ಕಥೆ. ನಮ್ಮ ಮನೆಯಲ್ಲಿ ಹೀಗೆ ಒಂದು ವಾರ ನಡೆಯಿತು.

ಕಂಪನಿಗೆ ಫೋನ್ ಮಾಡುವ ಮೊದಲು ಒಂದು ವಿಷಯ ಖಚಿತ ಮಾಡಿಕೊಳ್ಳಿ. ರೂಟರ್ ನಿಜಕ್ಕೂ ರೀಸ್ಟಾರ್ಟ್ ಆಯಿತೋ, ಅಥವಾ ಲೈನ್ ಮಾತ್ರ ಕಡಿದು ಹೋಯಿತೋ? ಬ್ರೌಸರ್‌ನಲ್ಲಿ ರೂಟರ್‌ನ ವಿಳಾಸ ಹಾಕಿ ಲಾಗಿನ್ ಆಗಿ. ಸಾಮಾನ್ಯವಾಗಿ ಅದು 192.168.1.1 ಅಥವಾ 192.168.0.1 ಆಗಿರುತ್ತದೆ, ರೂಟರ್ ಅಡಿಯ ಸ್ಟಿಕ್ಕರ್‌ನಲ್ಲೂ ಬರೆದಿರುತ್ತದೆ. ಒಳಗೆ Status ಅಥವಾ System ಪುಟದಲ್ಲಿ Uptime ಎಂದು ಹುಡುಕಿ. ರೂಟರ್ ಆನ್ ಆಗಿ ಎಷ್ಟು ಹೊತ್ತಾಯಿತು ಎಂಬ ಲೆಕ್ಕ ಅದು. ಕೆಲವು ರೂಟರ್‌ಗಳಲ್ಲಿ ಇಂಟರ್ನೆಟ್ ಸಂಪರ್ಕಕ್ಕೆ ಬೇರೆ Uptime ಇರುತ್ತದೆ, ನಮಗೆ ಬೇಕಿರುವುದು ಅದಲ್ಲ. ಇಂಟರ್ನೆಟ್ ಹೋಗಿ ಬಂದ ಮೇಲೂ ಈ ಲೆಕ್ಕ ‘6 ದಿನ’ ಎಂದೇ ತೋರಿಸಿದರೆ ರೂಟರ್ ರೀಸ್ಟಾರ್ಟ್ ಆಗಿಲ್ಲ, ತಪ್ಪು ಬಹುಶಃ ಲೈನಿನದ್ದು. ಸೊನ್ನೆಯಿಂದ ಶುರುವಾಗಿದ್ದರೆ ರೂಟರೇ ಬಿದ್ದು ಎದ್ದಿದೆ. ನಮ್ಮದರಲ್ಲಿ ‘4 ನಿಮಿಷ’ ಎಂದಿತ್ತು. ಕರೆಂಟ್ ಹೋಗಿರಲಿಲ್ಲ.

ಈಗ ಬಿಸಿಯ ವಿಷಯ. ಮನೆಯ ರೂಟರ್ ಸುಮಾರು 5ರಿಂದ 15 ವ್ಯಾಟ್ ವಿದ್ಯುತ್ ತಿನ್ನುತ್ತದೆ. ಅದರಲ್ಲಿ ಹೆಚ್ಚುಕಮ್ಮಿ ಎಲ್ಲವೂ ಕೊನೆಗೆ ಶಾಖವಾಗಿಯೇ ಹೊರಬರಬೇಕು. ಸಾಮಾನ್ಯವಾಗಿ ಒಳಗೆ ಫ್ಯಾನ್ ಇರುವುದಿಲ್ಲ. ಚಿಪ್ ಮೇಲಿನ ಲೋಹದ ತುಂಡೊಂದು ಶಾಖ ಹೀರುತ್ತದೆ, ಬಿಸಿಯಾದ ಗಾಳಿ ಮೇಲಿನ ಸೀಳುಗಳಿಂದ ಹೊರಹೋಗುತ್ತದೆ, ಕೆಳಗಿನ ಸೀಳುಗಳಿಂದ ತಣ್ಣನೆಯದು ಒಳಬರುತ್ತದೆ. ಇಷ್ಟೇ ವ್ಯವಸ್ಥೆ. ಸೀಳು ಮುಚ್ಚಿದರೆ ಅಥವಾ ಸುತ್ತಲ ಗಾಳಿಯೇ ಬಿಸಿಯಿದ್ದರೆ ಈ ಓಟ ನಿಧಾನವಾಗುತ್ತದೆ. ಚಿಪ್ ತಡೆಯಲಾರದಷ್ಟು ಕಾದಾಗ ಲೆಕ್ಕ ತಪ್ಪುತ್ತದೆ, ಒಳಗಿನ ಕಾವಲು ವ್ಯವಸ್ಥೆ ಅದನ್ನು ರೀಸ್ಟಾರ್ಟ್ ಮಾಡಿಸುತ್ತದೆ.

ಬಹಳಷ್ಟು ರೂಟರ್‌ಗಳ ಕೈಪಿಡಿಯಲ್ಲಿ 0ಯಿಂದ 40 ಡಿಗ್ರಿ ಎಂದು ಬರೆದಿರುತ್ತಾರೆ. ಅದು ಸುತ್ತಲಿನ ಗಾಳಿಯ ಲೆಕ್ಕ, ಚಿಪ್ಪಿನದ್ದಲ್ಲ. ನಮ್ಮ ರೂಟರ್ ಇದ್ದದ್ದು ಟಿವಿ ಕೆಳಗಿನ ಬಾಗಿಲಿರುವ ಗೂಡಿನಲ್ಲಿ, ಸೆಟ್‌ಟಾಪ್ ಬಾಕ್ಸ್ ಮೇಲೆ. ನೋಡೋಕೆ ಚೆನ್ನಾಗಿತ್ತು ಅಂತ ಇಟ್ಟದ್ದು. ಸುಮ್ನೆ ಒಂದು ಥರ್ಮಾಮೀಟರ್ ಒಳಗಿಟ್ಟು ಬಾಗಿಲು ಹಾಕಿದೆ. ಒಂದು ಗಂಟೆ ಬಿಟ್ಟು ನೋಡಿದರೆ ಕೋಣೆಯಲ್ಲಿ 31 ಡಿಗ್ರಿ, ಗೂಡಿನೊಳಗೆ 44. ಕೈಪಿಡಿಯ ಗಡಿ ಅಲ್ಲೇ ದಾಟಿತ್ತು. ಸಂಜೆ ಎಲ್ಲರೂ ವಿಡಿಯೊ ನೋಡುವಾಗಲೇ ಯಾಕೆ ಕೈಕೊಡುತ್ತಿತ್ತು ಎಂಬುದೂ ಅರ್ಥವಾಯಿತು: ಆಗ ರೂಟರ್‌ಗೆ ಕೆಲಸ ಹೆಚ್ಚು, ಬಿಸಿಯೂ ಹೆಚ್ಚು.

ಶಾಖವೇ ಕಾರಣವೋ ಎಂದು ತಿಳಿಯಲು ಜಾಗ ಬದಲಿಸಿ ನೋಡುವುದೇ ಒಳ್ಳೆಯ ಪರೀಕ್ಷೆ. ಎರಡು ದಿನ ರೂಟರನ್ನು ತೆರೆದ ಮೇಜಿನ ಮೇಲಿಡಿ, ಬೇರೇನೂ ಬದಲಿಸಬೇಡಿ, Uptime ನೋಡುತ್ತಿರಿ. ನಮ್ಮದು ಮೂರನೇ ದಿನಕ್ಕೂ ಓಡುತ್ತಲೇ ಇತ್ತು. ಮತ್ತೆ ಗೂಡಿಗೆ ಸೇರಿಸಿದೆ, ಅಂದೇ ಸಂಜೆ ಬಿತ್ತು. ಇನ್ನೇನು ಸಾಕ್ಷಿ ಬೇಕು, ಅಲ್ವಾ?

ಕಾಯಂ ಜಾಗ ಹುಡುಕುವಾಗ ಸುತ್ತಲೂ ಒಂದು ಗೇಣಿನಷ್ಟು ಜಾಗ ಬಿಡಿ. ಕೆಳಗೆ ಬಟ್ಟೆ ಹಾಸಬೇಡಿ, ಅಡಿಯ ಸೀಳುಗಳು ಮುಚ್ಚಿಹೋಗುತ್ತವೆ. ಬಿಸಿಯಾಗುವ ಇನ್ನೊಂದು ಯಂತ್ರದ ಮೇಲೆ ಬೇಡ, ಬಿಸಿಲು ಬೀಳುವ ಕಿಟಕಿ ಪಕ್ಕವೂ ಬೇಡ. ಹಿಂಬದಿ ಮೊಳೆಗೆ ತೂಗುಹಾಕುವ ತೂತುಗಳಿದ್ದರೆ ಗೋಡೆಗೆ ಹಾಕಿ. ನೆಟ್ಟಗೆ ನಿಂತ ಡಬ್ಬಿಯಲ್ಲಿ ಗಾಳಿ ಸಲೀಸಾಗಿ ಮೇಲಕ್ಕೇರುತ್ತದೆ, ವೈಫೈ ಕೂಡ ಗೂಡಿನೊಳಗಿಂದ ಬರುವುದಕ್ಕಿಂತ ಚೆನ್ನಾಗಿ ಹರಡುತ್ತದೆ. ಸೀಳಿನಲ್ಲಿ ದೂಳು ಕೂತಿದ್ದರೆ ಅಡಾಪ್ಟರ್ ಕಳಚಿ, ಒಣ ಬ್ರಷ್‌ನಿಂದ ಉಜ್ಜಿದರೆ ಸಾಕು.

ಗೂಡಿನಿಂದ ತೆಗೆಯಲು ಆಗುವುದೇ ಇಲ್ಲ ಎನ್ನುವವರು ಬಾಗಿಲನ್ನಾದರೂ ತೆಗೆದಿಡಿ. ಹಿಂಬದಿಯ ಹಲಗೆಯಲ್ಲಿ ಮೇಲೊಂದು ಕೆಳಗೊಂದು ತೂತು ಕೊರೆಸಿದರೆ ಇನ್ನೂ ಒಳ್ಳೆಯದು. ಒಂದೇ ತೂತಿನಿಂದ ಜಾಸ್ತಿ ಪ್ರಯೋಜನವಿಲ್ಲ, ಗಾಳಿಗೆ ಬರುವ ದಾರಿ, ಹೋಗುವ ದಾರಿ ಎರಡೂ ಬೇಕು. ಪುಟ್ಟ ಯುಎಸ್‌ಬಿ ಫ್ಯಾನ್ ಇಡುವುದಾದರೆ ಅದಕ್ಕೆ ಬೇರೆ ಚಾರ್ಜರ್ ಕೊಡಿ. ರೂಟರ್‌ಗೇ ಸಿಕ್ಕಿಸಿದರೆ ಅದೇ ಅಡಾಪ್ಟರ್ ಮೇಲೆ ಇನ್ನಷ್ಟು ಹೊರೆ.

ತೆರೆದ ಜಾಗದಲ್ಲೂ ರೀಸ್ಟಾರ್ಟ್ ನಿಲ್ಲದಿದ್ದರೆ ಅನುಮಾನ ಪಡಬೇಕಾದದ್ದು ಅಡಾಪ್ಟರ್ ಮೇಲೆ. ವರ್ಷಗಟ್ಟಲೆ ಕಾದ ಅದರೊಳಗಿನ ಕೆಪಾಸಿಟರ್‌ಗಳು ಒಣಗುತ್ತಾ ಬರುತ್ತವೆ. ಹೊರೆ ಹೆಚ್ಚಾದ ಕ್ಷಣ ವೋಲ್ಟೇಜ್ ಕುಸಿದು ರೂಟರ್ ಆರುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಕಾಯಿಲೆ ಒಂದೇ ಥರ. ಬೇರೆ ಅಡಾಪ್ಟರ್ ಹಾಕಿ ನೋಡುವಾಗ ವೋಲ್ಟ್ ಹಳೆಯದರಷ್ಟೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಹೆಚ್ಚಿರಬೇಕು, ಪಿನ್ನಿನ ಗಾತ್ರ ಮತ್ತು ಪ್ಲಸ್-ಮೈನಸ್ ಗುರುತು ಹೊಂದಬೇಕು. 12 ವೋಲ್ಟ್ 1 ಆಂಪಿಯರ್ ಜಾಗಕ್ಕೆ 12 ವೋಲ್ಟ್ 2 ಆಂಪಿಯರ್ ನಡೆಯುತ್ತದೆ. 9 ವೋಲ್ಟ್ ರೂಟರ್‌ಗೆ 12 ವೋಲ್ಟ್ ಸಿಕ್ಕಿಸಿದರೆ ರೂಟರ್ ಸುಟ್ಟೇ ಹೋಗಬಹುದು.