ಹ್ಯಾಕಥಾನ್ ಮುಗಿದ ಮೇಲೆ ನಾನು ಬರೆಯುವ ಪತ್ರಗಳು

ನಾನು ಕೋಲಾರ ಜಿಲ್ಲೆಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಪಾಠ ಮಾಡುತ್ತೇನೆ. ಹ್ಯಾಕಥಾನ್ ಅಂದರೆ ಕೊಟ್ಟ ಸಮಸ್ಯೆಗೆ ನಿಗದಿತ ಹೊತ್ತಿನೊಳಗೆ ಪರಿಹಾರ ಕಟ್ಟಿ ತೋರಿಸುವ ಸ್ಪರ್ಧೆ. ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್‌ಗೆ ತಂಡಗಳನ್ನು ಕಳಿಸುವ ಮೊದಲು ಕಾಲೇಜಿನೊಳಗೆ ನಡೆಯುವ ಸ್ಪರ್ಧೆಯ ಜವಾಬ್ದಾರಿ ನನ್ನದು. 2017ರಲ್ಲಿ ಶುರುವಾದ ಈ ಹ್ಯಾಕಥಾನ್‌ನಲ್ಲಿ ಒಂದು ತಂಡಕ್ಕೆ ಆರು ಜನ, ಅವರಲ್ಲಿ ಒಬ್ಬ ಹುಡುಗಿಯಾದರೂ ಇರಬೇಕು. ಕಾಲೇಜಿನ ಸುತ್ತಿನಲ್ಲಿ ಆಯ್ಕೆಯಾದವರ ಹೆಸರು ಮಾತ್ರ ಮುಂದೆ ಹೋಗುತ್ತದೆ. ಉಳಿದವರಿಗೆ ಆ ವರ್ಷದ ಓಟ ಅಲ್ಲಿಗೇ ನಿಂತಿತು.

ಬಹುಮಾನ ಕೊಟ್ಟು, ಫೋಟೋ ತೆಗೆದು, ಕುರ್ಚಿ ಎತ್ತಿಟ್ಟ ಮೇಲೆ ನನ್ನ ಕೆಲಸದ ಎರಡನೇ ಭಾಗ ಶುರುವಾಗುತ್ತದೆ. ಮೆಂಟರ್‌ಗಳಿಗೆ, ತೀರ್ಪುಗಾರರಿಗೆ, ಗೆಲ್ಲದ ತಂಡಗಳಿಗೆ ಪತ್ರ ಬರೆಯುವುದು. ಈ ಮೂರೂ ಬೇರೆ ಬೇರೆ ಕೆಲಸ ಅಂತ ಕಾಣುತ್ತದೆ. ಆದರೆ ಮೂರಕ್ಕೂ ಬೇಕಾದ ಸರಕು ಒಂದೇ: ಆ ದಿನ ಯಾರು ಯಾರಿಗೆ ಏನು ಹೇಳಿದರು, ಅದರಿಂದ ಏನಾಯಿತು ಅನ್ನುವ ವಿವರ. ಅದನ್ನು ಸ್ಪರ್ಧೆ ನಡೆಯುತ್ತಿರುವಾಗಲೇ ಬರೆದಿಟ್ಟುಕೊಳ್ಳಬೇಕು. ಮರುದಿನ ಕೇಳಿದರೆ ಯಾರಿಗೂ ನೆನಪಿರುವುದಿಲ್ಲ. ಆಗ ಪತ್ರದಲ್ಲಿ ‘ತಮ್ಮ ಅಮೂಲ್ಯ ಮಾರ್ಗದರ್ಶನಕ್ಕೆ ಧನ್ಯವಾದಗಳು’ ಅನ್ನುವುದು ಬಿಟ್ಟರೆ ಬೇರೇನೂ ಉಳಿಯುವುದಿಲ್ಲ.

ಅದಕ್ಕೆ ನಾನು ಚೀಟಿ ಇಟ್ಟುಕೊಳ್ಳುತ್ತೇನೆ. ಎ4 ಹಾಳೆಯ ಅರ್ಧ ಭಾಗ ಸಾಕು. ಸ್ಪರ್ಧೆಯಲ್ಲಿ ಇಲ್ಲದ ಎರಡನೇ ವರ್ಷದ ಹುಡುಗ ಹುಡುಗಿಯರು ಮೇಜುಗಳ ಹತ್ತಿರ ಓಡಾಡಿಕೊಂಡಿರುತ್ತಾರೆ. ಒಬ್ಬ ಮೆಂಟರ್ ಒಂದು ತಂಡದ ಜೊತೆ ಮಾತಾಡಿ ಎದ್ದ ಕೂಡಲೇ ಇವರು ಹೋಗಿ ಕೇಳುತ್ತಾರೆ: ‘ಸರ್, ಈ ತಂಡಕ್ಕೆ ಏನು ಹೇಳಿದಿರಿ?’ ಉತ್ತರ ಒಂದು ಸಾಲು. ಸ್ವಲ್ಪ ಹೊತ್ತು ಬಿಟ್ಟು ಅದೇ ತಂಡದ ಹತ್ತಿರ ಹೋಗಿ, ಆ ಮಾತಿನ ಮೇಲೆ ಏನು ಮಾಡಿದಿರಿ ಅಂತ ಕೇಳಿ ಇನ್ನೊಂದು ಸಾಲು ಬರೆಯುತ್ತಾರೆ. ಈ ಎರಡನೇ ಸಾಲೇ ಮುಖ್ಯ. ತಾನು ಹೇಳಿದ್ದರಿಂದ ಏನಾದರೂ ಆಯಿತಾ ಅನ್ನುವುದು ಮೆಂಟರ್‌ಗೆ ಸಾಮಾನ್ಯವಾಗಿ ಗೊತ್ತೇ ಆಗುವುದಿಲ್ಲ, ಅವರು ಅಷ್ಟು ಹೊತ್ತಿಗೆ ಮುಂದಿನ ಮೇಜಿಗೆ ಹೋಗಿರುತ್ತಾರೆ.

ಒಂದು ತಂಡದ ವಿಷಯವನ್ನೇ ಪೂರ್ತಿ ಹೇಳುತ್ತೇನೆ. ಟೊಮೆಟೊ ಬೆಳೆಗಾರರಿಗೆ ಮಾರುಕಟ್ಟೆ ದರ ತೋರಿಸುವ ಆ್ಯಪ್ ಅವರದು. ಕೇಂದ್ರ ಸರ್ಕಾರದ data.gov.in ತಾಣದಲ್ಲಿ ದೇಶದ ಮಂಡಿಗಳ ದಿನದ ದರ ಸಿಗುತ್ತದೆ: ಕನಿಷ್ಠ, ಗರಿಷ್ಠ, ಮತ್ತು ಜಾಸ್ತಿ ಮಾಲು ಮಾರಾಟವಾದ ದರ. ತಂಡ ಅದನ್ನು ಎಪಿಐ ಮೂಲಕ, ಅಂದರೆ ತಮ್ಮ ಕೋಡ್‌ನಿಂದಲೇ ತಾಣವನ್ನು ಕೇಳಿ, ಎಳೆದುಕೊಳ್ಳುತ್ತಿತ್ತು. ಹಾಗೆ ಕೇಳುವವರು ಯಾರು ಅಂತ ತಾಣಕ್ಕೆ ತಿಳಿಸುವ ಗುರುತಿನ ಸಂಕೇತಕ್ಕೆ ಕೀ ಅನ್ನುತ್ತಾರೆ. ಆದರೆ ಕೋಲಾರದ ಸಾಲು ಬರುತ್ತಲೇ ಇರಲಿಲ್ಲ. ರಾತ್ರಿಯೆಲ್ಲ ತಮ್ಮ ಕೋಡ್‌ನಲ್ಲೇ ತಪ್ಪು ಹುಡುಕಿದರು. ಬೆಂಗಳೂರಿನಿಂದ ಬಂದಿದ್ದ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ಮೆಂಟರ್ ಆಗಿದ್ದರು. ಅವರು ಪಕ್ಕದಲ್ಲಿ ಕೂತು ಉತ್ತರದಲ್ಲಿ ಎಷ್ಟು ಸಾಲು ಬರುತ್ತಿದೆ ಅಂತ ಎಣಿಸಲು ಹೇಳಿದರು. ಹತ್ತೇ ಹತ್ತು. ಎಲ್ಲರಿಗೂ ತೆರೆದಿಟ್ಟ ಮಾದರಿ ಕೀ ಬಳಸಿದರೆ ಒಂದು ಸಲಕ್ಕೆ ಹತ್ತು ಸಾಲು ಮಾತ್ರ ಕೊಡುತ್ತದೆ. ಹೆಸರು ನೋಂದಾಯಿಸಿ ಸ್ವಂತ ಕೀ ತೆಗೆದುಕೊಂಡ ಮೇಲೆ ಕೋಲಾರದ ದರ ಬಂತು.

ಆ ಮೆಂಟರ್‌ಗೆ ನಾನು ಬರೆದದ್ದು ಇಷ್ಟು:

‘ಸರ್, ನೀವು ಸಾಲು ಎಣಿಸಿ ಅಂದ ಮೇಲೆ ಟೊಮೆಟೊ ತಂಡದವರು ಸ್ವಂತ ಕೀ ತೆಗೆದುಕೊಂಡರು. ಬೆಳಿಗ್ಗೆ ಆರರ ಹೊತ್ತಿಗೆ ಕೋಲಾರದ ದರ ಅವರ ಪರದೆ ಮೇಲೆ ಇತ್ತು. ಅವರು ಗೆಲ್ಲಲಿಲ್ಲ. ಆದರೆ ಡೆಮೋ ಮಾಡುವ ಮಟ್ಟಕ್ಕೆ ಬಂದದ್ದು ನಿಮ್ಮಿಂದ. ಉತ್ತರ ಹೇಳಿಬಿಡದೆ ಎಣಿಸಲು ಹೇಳಿದಿರಲ್ಲ, ಅದನ್ನು ಆ ತಂಡದ ಹುಡುಗಿ ನನ್ನ ಹತ್ತಿರ ಬಂದು ಹೇಳಿದಳು. ತುಂಬಾ ಧನ್ಯವಾದ.’

ಇದರಲ್ಲಿ ಹೊಗಳಿಕೆ ಕಡಿಮೆ, ನಡೆದದ್ದು ಜಾಸ್ತಿ. ರಜೆ ಹಾಕಿ, ರಾತ್ರಿ ನಿದ್ದೆಗೆಟ್ಟು ಬಂದವರಿಗೆ ಸಲ್ಲಬೇಕಾದದ್ದು ಇದೇ ಅಂತ ನನಗೆ ಅನಿಸುತ್ತದೆ. ಶಾಲು, ಹಣ್ಣಿನ ಬುಟ್ಟಿ ನಮ್ಮ ಕಡೆಯ ಮರ್ಯಾದೆ, ಅದು ಇರಲಿ. ಆದರೆ ಅದು ಎಲ್ಲರಿಗೂ ಒಂದೇ. ಈ ಪತ್ರ ಅವರೊಬ್ಬರಿಗೇ. ಗೆದ್ದ ತಂಡದ ಮೆಂಟರ್‌ಗೆ ವೇದಿಕೆಯ ಮೇಲೆ ಹೇಗೂ ಹೆಸರು ಬರುತ್ತದೆ. ಸೋತ ತಂಡಗಳ ಜೊತೆ ಕೂತವರಿಗೆ ಪತ್ರ ಮೊದಲು ಹೋಗಬೇಕು ಅನ್ನುವುದು ನಾನು ಇಟ್ಟುಕೊಂಡಿರುವ ಕ್ರಮ.

ತೀರ್ಪುಗಾರರ ವಿಷಯ ಸ್ವಲ್ಪ ಬೇರೆ. ಅವರಿಂದ ಅಂಕ ಮಾತ್ರ ತೆಗೆದುಕೊಂಡರೆ ಸೋತ ತಂಡಕ್ಕೆ ಹೇಳಲು ನನ್ನ ಹತ್ತಿರ ಏನೂ ಇರುವುದಿಲ್ಲ. ಹಾಗಾಗಿ ಅಂಕಪಟ್ಟಿಯಲ್ಲಿ ಪ್ರತಿ ತಂಡದ ಕೆಳಗೆ ಎರಡು ಖಾಲಿ ಸಾಲು ಬಿಟ್ಟಿರುತ್ತೇನೆ. ‘ಚೆನ್ನಾಗಿದ್ದ ಒಂದು ವಿಷಯ’ ಮತ್ತು ‘ಮುಂದೆ ಮೊದಲು ಮಾಡಬೇಕಾದ ಒಂದು ಕೆಲಸ’. ಪಕ್ಕದಲ್ಲಿ ಒಂದು ಚೌಕ: ಈ ಮಾತನ್ನು ತಂಡಕ್ಕೆ ತಿಳಿಸಬಹುದೇ, ನಿಮ್ಮ ಹೆಸರು ಹೇಳಬಹುದೇ? ಕೆಲವರು ಹೆಸರು ಬೇಡ ಅನ್ನುತ್ತಾರೆ. ಅದನ್ನು ಕಟ್ಟುನಿಟ್ಟಾಗಿ ಪಾಲಿಸುತ್ತೇನೆ. ಡೆಮೋಗೆ ಏಳು ನಿಮಿಷ, ಪ್ರಶ್ನೆಗೆ ಮೂರು ಇದ್ದರೆ, ಆಮೇಲೆ ಬರೆಯಲು ಎರಡು ನಿಮಿಷವನ್ನು ವೇಳಾಪಟ್ಟಿಯಲ್ಲೇ ಹಾಕಬೇಕು. ಇಲ್ಲದಿದ್ದರೆ ಊಟದ ನಂತರದ ತಂಡಗಳ ಸಾಲುಗಳು ಖಾಲಿ ಬರುತ್ತವೆ ಅಥವಾ ‘ಗುಡ್’ ಅಂತ ಒಂದೇ ಪದ ಬರುತ್ತದೆ. ಹಾಗೆ ಬಂದರೆ ಸುಮ್ನೆ ಇಟ್ಟುಕೊಳ್ಳುವುದಿಲ್ಲ. ತೀರ್ಪುಗಾರರು ಚಹಾ ಕುಡಿಯುವಾಗಲೇ ಆ ತಂಡದ ಹೆಸರು ಹೇಳಿ, ಒಂದು ಸಾಲು ಬರೆದುಕೊಡಿ ಅಂತ ಕೇಳುತ್ತೇನೆ.

ಪತ್ರ ಬರೆಯುವ ಮೊದಲು ಅಂಕಗಳನ್ನೂ ಒಂದು ಸಲ ನೋಡಬೇಕು. ತಂಡ ಜಾಸ್ತಿ ಇದ್ದಾಗ ಎರಡು ಕೊಠಡಿಯಲ್ಲಿ ಎರಡು ಗುಂಪು ತೀರ್ಪುಗಾರರು ಕೂರುತ್ತಾರೆ. ಒಂದು ಗುಂಪಿನ ಕೈ ಬಿಗಿ, ಇನ್ನೊಂದರದು ಧಾರಾಳ. ಮೊದಲ ಕೊಠಡಿಯ ಸರಾಸರಿ 58, ಎರಡನೆಯದರ ಸರಾಸರಿ 71 ಇದೆ ಅಂದುಕೊಳ್ಳಿ. ಮೊದಲ ಕೊಠಡಿಯಲ್ಲಿ 64 ಪಡೆದ ತಂಡ ತನ್ನ ಕೊಠಡಿಯ ಸರಾಸರಿಗಿಂತ 6 ಮೇಲಿದೆ. ಎರಡನೆಯದರಲ್ಲಿ 68 ಪಡೆದ ತಂಡ 3 ಕೆಳಗಿದೆ. ಬರೀ ಅಂಕ ನೋಡಿದರೆ 68 ದೊಡ್ಡದು. ಇಂಥದ್ದು ಕಂಡರೆ ಫಲಿತಾಂಶ ಹೇಳುವ ಮೊದಲೇ ಎರಡೂ ಗುಂಪನ್ನು ಒಟ್ಟಿಗೆ ಕೂರಿಸಿ, ನಡುವಿನ ತಂಡಗಳನ್ನು ಮತ್ತೊಮ್ಮೆ ಚರ್ಚೆ ಮಾಡಿಸುತ್ತೇನೆ. ಈ ಕೆಲಸ ಆಗಿದ್ದರೆ ಮಾತ್ರ ಸೋತ ಮಕ್ಕಳಿಗೆ ‘ನಿಮ್ಮನ್ನು ಸರಿಯಾಗಿ ನೋಡಿದ್ದೇವೆ’ ಅಂತ ಬರೆಯಲು ನನಗೆ ಹಕ್ಕು. ಅಷ್ಟು ಹೊತ್ತು ಹೆಚ್ಚಿಗೆ ಕೂತದ್ದಕ್ಕೆ ತೀರ್ಪುಗಾರರಿಗೆ ಬೇರೆಯಾಗಿಯೇ ಧನ್ಯವಾದ ಹೇಳುತ್ತೇನೆ. ಅವರ ಯಾವ ಮಾತು ಯಾವ ತಂಡಕ್ಕೆ ತಲುಪಿತು ಅನ್ನುವುದನ್ನೂ ಅದೇ ಪತ್ರದಲ್ಲಿ ತಿಳಿಸುತ್ತೇನೆ.

ಈಗ ಟೊಮೆಟೊ ತಂಡಕ್ಕೆ ಬರೋಣ. ಅವರ ಡೆಮೋ ನಡೆಯುವಾಗ ಸಭಾಂಗಣದ ವೈಫೈ ಕುಂಟಿತು. ಎಲ್ಲರೂ ಒಟ್ಟಿಗೆ ಬಳಸುತ್ತಿದ್ದ ಹೊತ್ತು ಅದು. ಪರದೆಯ ಮೇಲೆ ಚಕ್ರ ಸುತ್ತುತ್ತಲೇ ಇತ್ತು, ಏಳು ನಿಮಿಷದಲ್ಲಿ ಅರ್ಧ ಅದಕ್ಕೇ ಹೋಯಿತು. ತೀರ್ಪುಗಾರರೊಬ್ಬರ ತಂದೆ ಟೊಮೆಟೊ ಬೆಳೆಯುತ್ತಿದ್ದರಂತೆ. ಅವರು ಇನ್ನೊಂದು ಪ್ರಶ್ನೆ ಕೇಳಿದರು: ‘ಕ್ವಿಂಟಲ್ ರೇಟ್ ನೋಡಿ ನಮ್ಮಪ್ಪ ಏನು ಮಾಡಬೇಕು? ನಮ್ಮಲ್ಲಿ ಹರಾಜು ಕೂಗೋದು ಹದಿನೈದು ಕೆಜಿ ಬಾಕ್ಸ್‌ಗೆ ಅಲ್ವಾ?’ ತಂಡದವರು ಸುಮ್ಮನಾದರು.

ಆ ದಿನ ಸಂಜೆ ಅವರ ಮುಖ ನೋಡಿದ್ದೆ. ‘ಸೋಲೇ ಗೆಲುವಿನ ಮೆಟ್ಟಿಲು’ ಅಂತ ಬರೆದರೆ ಅವರಿಗೆ ಏನೂ ಸಿಗುವುದಿಲ್ಲ. ‘ಎಲ್ಲರೂ ಗೆದ್ದವರೇ’ ಅನ್ನುವುದು ನಿಜವೂ ಅಲ್ಲ, ಮಕ್ಕಳಿಗೆ ಅದು ಗೊತ್ತಾಗುತ್ತದೆ. ನಾನು ಹೀಗೆ ಬರೆದೆ:

‘ನಿಮ್ಮ ತಂಡ ಈ ಸಲ ಆಯ್ಕೆಯಾಗಲಿಲ್ಲ. ಕಾರಣ ಎರಡು. ನೆಟ್‌ವರ್ಕ್ ಇಲ್ಲದಾಗ ಆ್ಯಪ್ ಏನನ್ನೂ ತೋರಿಸಲಿಲ್ಲ. ದರ ಕ್ವಿಂಟಲ್ ಲೆಕ್ಕದಲ್ಲೇ ಇತ್ತು, ರೈತರು ಮಾತಾಡುವ ಬಾಕ್ಸ್ ಲೆಕ್ಕದಲ್ಲಿ ಇರಲಿಲ್ಲ. ಚೆನ್ನಾಗಿದ್ದದ್ದು ಅಂತ ತೀರ್ಪುಗಾರರು ಬರೆದದ್ದು: ಹತ್ತಿರದ ಮೂರು ಮಾರುಕಟ್ಟೆಗಳ ದರ ಒಂದೇ ಪರದೆಯಲ್ಲಿ, ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲಿದೆ. ಬೇರೆ ಯಾವ ತಂಡದ ಪರದೆಯನ್ನೂ ಅವರು ಇಷ್ಟು ಬೇಗ ಅರ್ಥ ಮಾಡಿಕೊಳ್ಳಲಿಲ್ಲವಂತೆ. ಮೊದಲು ಮಾಡಬೇಕಾದ ಕೆಲಸ: ಕೊನೆಯ ಸಲ ಬಂದ ದರವನ್ನು ದಿನಾಂಕದ ಜೊತೆ ಫೋನಿನಲ್ಲೇ ಉಳಿಸಿ. ನೆಟ್ ಇಲ್ಲದಾಗ ಅದನ್ನು ತೋರಿಸಿ, ‘ನಿನ್ನೆಯ ದರ’ ಅಂತ ಬರೆಯಿರಿ. ಕ್ವಿಂಟಲ್‌ಗೆ 2,400 ಇದ್ದರೆ ಬಾಕ್ಸ್‌ಗೆ 360 ಅಂತ ತೋರಿಸಿ. ಶುಕ್ರವಾರ ಮಧ್ಯಾಹ್ನ ಮೂರನೇ ಲ್ಯಾಬ್ ನಿಮಗಾಗಿ ತೆರೆದಿರುತ್ತದೆ, ನಾನೂ ಇರುತ್ತೇನೆ.’

ಇದರಲ್ಲಿ ಕ್ರಮವೊಂದಿದೆ. ಆಯ್ಕೆಯಾಗಲಿಲ್ಲ ಅನ್ನುವುದು ಮೊದಲ ಸಾಲಿನಲ್ಲೇ ಬರಬೇಕು. ಹೊಗಳಿಕೆ ಮುಂದಿಟ್ಟರೆ ‘ಆದರೆ’ ಎಲ್ಲಿ ಬರುತ್ತದೋ ಅಂತ ಮಕ್ಕಳು ಹುಡುಕುತ್ತಾ ಓದುತ್ತಾರೆ, ಒಳ್ಳೆಯ ಮಾತು ಒಳಗೆ ಇಳಿಯುವುದೇ ಇಲ್ಲ. ಕೆಲಸ ಒಂದೆರಡೇ ಇರಲಿ, ಒಂದು ವಾರದಲ್ಲಿ ಮುಗಿಯುವಂಥದ್ದಾಗಿರಲಿ. ಎಷ್ಟನೇ ಸ್ಥಾನ ಅಂತ ನಾನಾಗಿ ಬರೆಯುವುದಿಲ್ಲ, ಕೇಳಿದರೆ ಅವರ ಅಂಕಪಟ್ಟಿ ತೋರಿಸುತ್ತೇನೆ. ಇನ್ನೊಂದು ತಂಡದ್ದನ್ನು ತೋರಿಸುವುದಿಲ್ಲ.

ಪತ್ರ ಆರೂ ಜನರಿಗೆ ಹೋಗಬೇಕು. ನಾಯಕನಿಗೆ ಮಾತ್ರ ಕಳಿಸಿದರೆ ಬೇಸರದಲ್ಲಿ ಅವನು ಅದನ್ನು ಮುಂದೆ ಕಳಿಸುವುದೇ ಇಲ್ಲ. ಎಲ್ಲ ತಂಡಗಳೂ ಇರುವ ವಾಟ್ಸ್‌ಆ್ಯಪ್ ಗುಂಪಿನಲ್ಲಂತೂ ಬೇಡ. ಅಲ್ಲಿ ಗೆದ್ದವರ ಫೋಟೋ ಮಧ್ಯೆ ಈ ಮಾತು ಮುಳುಗಿಹೋಗುತ್ತದೆ. ಎರಡು ದಿನದೊಳಗೆ ಕಳಿಸುವುದು ಒಳ್ಳೆಯದು. ಆಮೇಲೆ ಇಂಟರ್ನಲ್ಸ್ ಬರುತ್ತವೆ, ಕೋಡ್ ಲ್ಯಾಪ್‌ಟಾಪಿನ ಯಾವುದೋ ಮೂಲೆ ಸೇರುತ್ತದೆ.

ಎಲ್ಲ ತಂಡಗಳೂ ಹೀಗೆ ಮುಂದುವರಿಯುವುದಿಲ್ಲ. ಬಹಳಷ್ಟು ತಂಡ ಓದಿ ಒಂದು ಸಾಲಿನ ಉತ್ತರ ಕಳಿಸುತ್ತವೆ, ಅಷ್ಟೆ. ನಾನು ಬಲವಂತ ಮಾಡುವುದಿಲ್ಲ. ಟೊಮೆಟೊ ತಂಡದಿಂದ ಶುಕ್ರವಾರ ನಾಲ್ಕು ಜನ ಬಂದರು. ದರ ಉಳಿಸುವ ಕೆಲಸ ಅಂದೇ ಮುಗಿಯಿತು. ಬಾಕ್ಸ್ ಲೆಕ್ಕ ಹಾಕುವಾಗ ಇನ್ನೊಂದು ತೊಡಕು ಸಿಕ್ಕಿತು. ಆ್ಯಪ್‌ನಲ್ಲಿ ಬೀನ್ಸ್, ಕ್ಯಾರೆಟ್ ದರವೂ ಇತ್ತು, ಅವಕ್ಕೂ ಟೊಮೆಟೊ ಬಾಕ್ಸ್ ಲೆಕ್ಕವೇ ಬೀಳುತ್ತಿತ್ತು. ಅದನ್ನು ಬೆಳೆವಾರು ಬೇರೆ ಮಾಡಿ, ಯಾವ ಬೆಳೆಗೆ ಯಾವ ಲೆಕ್ಕ ಅಂತ README ಕಡತದಲ್ಲಿ ಬರೆದರು.

ಅದಾದ ಮೇಲೆ ಮೆಂಟರ್‌ಗೂ, ಬಾಕ್ಸ್ ಪ್ರಶ್ನೆ ಕೇಳಿದ ತೀರ್ಪುಗಾರರಿಗೂ ಎರಡನೇ ಪತ್ರ ಹೋಯಿತು. ಈ ಸಲ ನಾನು ಬರೆಯಲಿಲ್ಲ, ತಂಡದವರ ಕೈಯಲ್ಲೇ ಬರೆಸಿದೆ. ಏನು ಬದಲಾಯಿಸಿದೆವು ಅಂತ ಮೂರು ಸಾಲು, ಜೊತೆಗೆ ಆ್ಯಪ್‌ನ ಕೊಂಡಿ. ತೀರ್ಪುಗಾರರು ಅದನ್ನು ಊರಿನಲ್ಲಿರುವ ತಮ್ಮ ತಂದೆಗೆ ಕಳಿಸಿ, ಅವರು ಹೇಳಿದ್ದನ್ನು ತಂಡಕ್ಕೇ ನೇರವಾಗಿ ಬರೆದರು: ದರ ಸರಿ ಇದೆ, ಆದರೆ ಇವತ್ತು ಮಾರುಕಟ್ಟೆಗೆ ಎಷ್ಟು ಬಾಕ್ಸ್ ಬಂದಿದೆ ಅಂತಲೂ ತೋರಿಸಿ, ಆವಕ ನೋಡದೆ ಗಾಡಿ ತುಂಬಿಸಲು ಆಗುವುದಿಲ್ಲ. ತಂಡದವರು ಈಗ ಆ ಅಂಕಿ ಎಲ್ಲಿ ಸಿಗುತ್ತದೆ ಅಂತ ಹುಡುಕುತ್ತಿದ್ದಾರೆ.