ಮದುವೆ ಕಾರ್ಡಿನ ಫೋಟೋ ಕೆಳಗೆ ಏನು ಬರೆಯಬೇಕು?

ಪ್ರಿಂಟಿಂಗ್ ಅಂಗಡಿಯ ವಾಟ್ಸ್‌ಆ್ಯಪ್ ಸ್ಟೇಟಸ್ ನೋಡಿ. ಚೆಂದದ ಲಗ್ನಪತ್ರಿಕೆ ಫೋಟೋ, ಕೆಳಗೆ 'ಆಕರ್ಷಕ ವಿನ್ಯಾಸಗಳು, ಇಂದೇ ಸಂಪರ್ಕಿಸಿ' ಅಂತ ಒಂದು ಸಾಲು. ನೋಡಿದವರು ಫೋನ್ ಮಾಡುತ್ತಾರೆ. 'ಎಷ್ಟು ಕಾರ್ಡು ತಗೋಬೇಕು? ಎಷ್ಟು ದಿನಕ್ಕೆ ಕೊಡ್ತೀರಾ?' ದಿನಕ್ಕೆ ಇಪ್ಪತ್ತು ಸಲ ಇದಕ್ಕೇ ಉತ್ತರ. ಡಿಟಿಪಿ ಮಾಡುತ್ತಾ ಕೌಂಟರನ್ನೂ ನೋಡಿಕೊಳ್ಳುತ್ತಿದ್ದ ನನಗೆ ಆ ಕಾಟ ಚೆನ್ನಾಗಿ ಗೊತ್ತು. ಫೋಟೋ ಕೆಳಗಿನ ನಾಲ್ಕೈದು ಸಾಲನ್ನು ಸರಿಯಾಗಿ ಬರೆದರೆ ಅರ್ಧಕ್ಕರ್ಧ ಫೋನ್ ಕಡಿಮೆಯಾಗುತ್ತವೆ. ಜಗಳವೂ ಕಡಿಮೆಯಾಗುತ್ತದೆ.

ಒಂದು ಕಾರ್ಡನ್ನೇ ಇಟ್ಟುಕೊಂಡು ಹೋಗೋಣ. ಕೆನೆ ಬಣ್ಣದ ಮಡಚುವ ರೆಡಿ ಕಾರ್ಡು. ಮುಂದೆ ಚಿನ್ನದ ಫಾಯಿಲ್ ಗಣಪತಿ ಮೊದಲೇ ಅಚ್ಚಾಗಿ ಬಂದಿದೆ. ಒಳಗಿನ ಮ್ಯಾಟರನ್ನು ನಾವು ಎರಡು ಬಣ್ಣದಲ್ಲಿ ಸ್ಕ್ರೀನ್ ಪ್ರಿಂಟ್ ಮಾಡುತ್ತೇವೆ. ಅಂಗಡಿಯಲ್ಲಿ ಅದರ ನಂಬರ್ 14.

ಮೊದಲು ಫೋಟೋ

ಫಾಯಿಲ್ ಇರುವ ಕಾರ್ಡನ್ನು ಮೇಜಿನ ಮೇಲೆ ಮಲಗಿಸಿ ನೇರ ಮೇಲಿಂದ ಫೋಟೋ ತೆಗೆದರೆ ಚಿನ್ನ ಎಷ್ಟೋ ಸಲ ಕಂದು ಬಣ್ಣಕ್ಕೆ ತಿರುಗಿಬಿಡುತ್ತದೆ. ಕಿಟಕಿ ಪಕ್ಕ ಹಿಡಿದು ಬೆಳಕು ಓರೆಯಾಗಿ ಬೀಳುವಂತೆ ಸ್ವಲ್ಪ ವಾಲಿಸಿ. ಒಂದು ಕೋನದಲ್ಲಿ ಗಣಪತಿ ಥಟ್ಟನೆ ಹೊಳೆಯುತ್ತಾನೆ, ಆಗ ಒತ್ತಿ. ಮೂರು ಫೋಟೋ ಸಾಕು: ಮುಂಭಾಗ, ಬಿಚ್ಚಿದ ಒಳಭಾಗ, ಕವರ್ ಜೊತೆ ಕೈಯಲ್ಲಿ ಹಿಡಿದದ್ದು. ಕೈ ಕಂಡರೆ ಅಳತೆ ತಾನಾಗಿ ತಿಳಿಯುತ್ತದೆ. ಇಲ್ಲದಿದ್ದರೆ 'ಫೋಟೋದಲ್ಲಿ ದೊಡ್ಡದಿತ್ತು' ಅನ್ನುವವರು ಬಂದೇ ಬರುತ್ತಾರೆ.

ಹಿಂದಿನ ಗಿರಾಕಿಯ ಕಾರ್ಡನ್ನೇ ಹಾಗೇ ಹಾಕಬೇಡಿ. ಅದರಲ್ಲಿ ಅವರ ಮನೆ ವಿಳಾಸ, ಫೋನ್ ನಂಬರ್ ಎಲ್ಲ ಇರುತ್ತದೆ. ಹೆಸರಿನ ಜಾಗಕ್ಕೆ 'ಚಿ. ರಾ. ವರನ ಹೆಸರು' ಅಂತ ಕಂಪೋಸ್ ಮಾಡಿ ಒಂದು ಸ್ಯಾಂಪಲ್ ಹೊಡೆದು ಇಟ್ಟುಕೊಳ್ಳಿ. ಇನ್ನೊಂದು ವಿಷಯ. ಫೋಟೋವನ್ನು ಯಾರಾದರೂ ಫೋನಿಗೆ ಇಳಿಸಿಕೊಂಡು ಮತ್ತೊಬ್ಬರಿಗೆ ಕಳಿಸಿದರೆ ಕೆಳಗಿನ ಬರಹ ಜೊತೆಗೆ ಹೋಗುವುದಿಲ್ಲ. ಹಾಗಾಗಿ 14 ಎಂಬ ನಂಬರೂ ಅಂಗಡಿ ಹೆಸರೂ ಫೋಟೋದ ಮೂಲೆಯಲ್ಲೇ ಇರಲಿ.

ಕನಿಷ್ಠ ಎಷ್ಟು, ಯಾವುದಕ್ಕೆ?

'ಮಿನಿಮಮ್ 100' ಅಂತ ಬರೆದರೆ ಮುಗಿಯಿತು ಅಂದುಕೊಳ್ಳುತ್ತೇವೆ. ಮುಗಿಯುವುದಿಲ್ಲ. ನಮ್ಮ ಕಡೆ ಎರಡೂ ಮನೆಯವರು ಸೇರಿ ಒಂದೇ ಅಂಗಡಿಗೆ ಬರುವುದುಂಟು. ಕಾರ್ಡು ಒಂದೇ, ಮ್ಯಾಟರ್ ಬೇರೆ. ಗಂಡಿನ ಕಡೆಯ ಕಾರ್ಡಿನಲ್ಲಿ ಕರೆಯುವವರು ಅವರ ತಂದೆ ತಾಯಿ, ಹೆಣ್ಣಿನ ಕಡೆಯದರಲ್ಲಿ ಇವರು. ಆಫೀಸಿನವರಿಗೆ ಅಂತ ಇಂಗ್ಲಿಷಿನಲ್ಲಿ ಒಂದಿಷ್ಟು. ಹೀಗೆ 60, 60, 30 ಸೇರಿ 150 ಆಯಿತಲ್ಲ, 100ಕ್ಕಿಂತ ಜಾಸ್ತಿನೇ ಅಲ್ವಾ ಎನ್ನುತ್ತಾರೆ. ಅವರ ಲೆಕ್ಕ ತಪ್ಪಲ್ಲ. ನಾವು ಬರೆದದ್ದು ತಪ್ಪು.

ಮ್ಯಾಟರ್ ಬದಲಾದರೆ ಸ್ಕ್ರೀನ್ ಬೇರೆ ಎಕ್ಸ್‌ಪೋಸ್ ಮಾಡಬೇಕು. ಎರಡು ಬಣ್ಣ ಅಂದರೆ ಒಂದು ಮ್ಯಾಟರಿಗೇ ಎರಡು ಸಲ. ಇಂಕ್ ಕಲಸಬೇಕು, ಕಾರ್ಡು ಕೂರುವ ಜಾಗ ಸರಿಮಾಡಬೇಕು, ಒಂದೆರಡು ಕಾರ್ಡು ಹಾಳಾಗಬೇಕು. 10 ಕಾರ್ಡಿಗೂ ಅಷ್ಟೇ ಕೆಲಸ, 200ಕ್ಕೂ ಅಷ್ಟೇ. ಆ ತಯಾರಿಗೆ 800 ರೂಪಾಯಿ ಬೀಳುತ್ತದೆ ಅಂತ ಲೆಕ್ಕಕ್ಕೆ ಇಟ್ಟುಕೊಳ್ಳಿ. 200 ಕಾರ್ಡಾದರೆ ಒಂದಕ್ಕೆ 4 ರೂಪಾಯಿ, 50 ಆದರೆ 16. ಕನಿಷ್ಠ ಸಂಖ್ಯೆ ಹುಟ್ಟುವುದು ಇಲ್ಲಿಂದ. ಆದ್ದರಿಂದ 'ಒಂದು ಮ್ಯಾಟರಿಗೆ ಕನಿಷ್ಠ 100' ಎಂದೇ ಬರೆಯಿರಿ. ಆಮೇಲೆ 50ರ ಲೆಕ್ಕದಲ್ಲಿ ಕೊಡುತ್ತೀರಾದರೆ ಅದನ್ನೂ ಸೇರಿಸಿ.

ಆಫ್‌ಸೆಟ್‌ನಲ್ಲಿ ಪ್ಲೇಟ್ ಖರ್ಚು ಇರುವುದರಿಂದ ಈ ಸಂಖ್ಯೆ ಇನ್ನೂ ಮೇಲೆ ಹೋಗುತ್ತದೆ. ಡಿಜಿಟಲ್‌ನಲ್ಲಿ ಪ್ಲೇಟೂ ಇಲ್ಲ, ಸ್ಕ್ರೀನೂ ಇಲ್ಲ, 25 ಬೇಕೆಂದರೂ ಹೊಡೆಯಬಹುದು. ಎಲ್ಲ ಫೋಟೋಗೂ ಒಂದೇ ಬರಹ ಅಂಟಿಸಿದರೆ ಈ ವ್ಯತ್ಯಾಸ ಮುಚ್ಚಿಹೋಗುತ್ತದೆ.

ದಿನ ಎಣಿಸುವುದು ಎಲ್ಲಿಂದ?

ಒಮ್ಮೆ ನಾನೇ 'ಮೂರು ದಿನದಲ್ಲಿ ರೆಡಿ' ಅಂತ ಹಾಕಿದ್ದೆ. ಸೋಮವಾರ ಅಡ್ವಾನ್ಸ್ ಕೊಟ್ಟವರೊಬ್ಬರು ಗುರುವಾರ ಬೆಳಿಗ್ಗೆ ಚೀಲ ಹಿಡಿದು ಬಂದರು. ಆದರೆ ಪ್ರೂಫ್ ಇನ್ನೂ ಅವರ ಮನೆಯ ವಾಟ್ಸ್‌ಆ್ಯಪ್ ಗ್ರೂಪಿನಲ್ಲೇ ಸುತ್ತುತ್ತಿತ್ತು. ಸುಖಾಗಮನ ಬಯಸುವವರ ಪಟ್ಟಿಯಲ್ಲಿ ದೊಡ್ಡಪ್ಪನ ಹೆಸರು ಕೆಳಗೆ ಹೋಗಿದೆ ಅಂತ ತಕರಾರು. 'ನೀವೇ ಮೂರು ದಿನ ಅಂದಿದ್ರಲ್ಲ?' ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಅಂದಿನಿಂದ 'ಪ್ರೂಫ್ ಓಕೆ ಆದ ಮೇಲೆ' ಎಂಬ ಮಾತಿಲ್ಲದೆ ನಾನು ದಿನ ಬರೆದಿಲ್ಲ. ನಮ್ಮ 14ನೇ ನಂಬರಿನ ಲೆಕ್ಕ ನೋಡಿ. ಸೋಮವಾರ ಸಂಜೆ ಪ್ರೂಫ್ ಓಕೆ. ಮಂಗಳವಾರ ಫಿಲ್ಮ್ ಮತ್ತು ಸ್ಕ್ರೀನ್. ಬುಧವಾರ ಮೊದಲ ಬಣ್ಣ. ಗುರುವಾರ ಎರಡನೇ ಬಣ್ಣ, ಜೊತೆಗೆ ಕವರ್. ಶುಕ್ರವಾರ ಮಡಚಿ, ಎಣಿಸಿ, ಕಟ್ಟಿ, ಸಂಜೆ ಕೊಡುವುದು. ನಾಲ್ಕು ಕೆಲಸದ ದಿನ. ಅದೇ ಗುರುವಾರ ಸಂಜೆ ಓಕೆ ಅಂದರೆ ಮಧ್ಯೆ ಭಾನುವಾರ ಬಂದು ಮಂಗಳವಾರ ಸಂಜೆಗೆ ಹೋಗುತ್ತದೆ. ಹಾಗಾಗಿ 'ಭಾನುವಾರ ಬಿಟ್ಟು' ಎಂಬುದೂ ಬೇಕು.

ಒಂದು ದಿನ ಕಡಿಮೆ ಮಾಡೋಣ ಅನ್ನಿಸುತ್ತದೆ. ಇಂಕ್ ಬಿಡುವುದಿಲ್ಲ. ಮೊದಲ ಬಣ್ಣ ಒಣಗುವ ಮುಂಚೆ ಕಾರ್ಡನ್ನು ಒಂದರ ಮೇಲೊಂದು ಪೇರಿಸಿದರೆ ಕೆಳಗಿನ ಕಾರ್ಡಿನ ಅಕ್ಷರ ಮೇಲಿನದರ ಬೆನ್ನಿಗೆ ಹತ್ತುತ್ತದೆ. ಮಳೆಗಾಲದಲ್ಲಂತೂ ಬೆರಳಿಗೆ ಅಂಟುತ್ತಲೇ ಇರುತ್ತದೆ. ಕಾರ್ಡಿನ ಹಿಂಭಾಗದಲ್ಲಿ ಮಸುಕಾದ ಉಲ್ಟಾ ಅಕ್ಷರ ಕಂಡರೆ ಅವಸರಕ್ಕೆ ಪೇರಿಸಿದ್ದಾರೆ ಅಂತಲೇ ಅರ್ಥ.

ಇನ್ನು ಸೀಸನ್. ಆಷಾಢದಲ್ಲಿ, ಧನುರ್ಮಾಸದಲ್ಲಿ ಕೈ ಖಾಲಿ ಇರುತ್ತದೆ. ಆಗ ಹಾಕಿದ 'ನಾಲ್ಕು ದಿನ' ವೈಶಾಖದಲ್ಲೂ ಹಾಗೇ ಉಳಿದರೆ ಕಷ್ಟ. ಏಪ್ರಿಲ್, ಮೇ ತಿಂಗಳಿಗೆ ಬರಹ ಬದಲಿಸಿ, ಏಳು ದಿನ ಅಂತಲೇ ಹೇಳಿ.

ಬರೆಯುವಾಗ

ಪ್ರೆಸ್ಸಿನ ಕಂಪ್ಯೂಟರಿನಲ್ಲಿ ನುಡಿಯ ಹಳೇ ಫಾಂಟಿನಲ್ಲಿ ಟೈಪ್ ಮಾಡಿ ಅದನ್ನೇ ಪೇಸ್ಟ್ ಮಾಡಬೇಡಿ. ನಿಮಗೆ 'ಮದುವೆ' ಎಂದು ಕಂಡದ್ದು ಫೋನಿನಲ್ಲಿ `ªÀÄzÀÄªÉ` ಆಗಿರುತ್ತದೆ. ಯೂನಿಕೋಡ್‌ಗೆ ಬದಲಿಸಿ, ಇಲ್ಲವೇ ಫೋನಿನಲ್ಲೇ ಟೈಪ್ ಮಾಡಿ. ಇನ್‌ಸ್ಟಾಗ್ರಾಮಿನಲ್ಲಿ ಮೊದಲ ಒಂದೆರಡು ಸಾಲು ಮಾತ್ರ ಕಂಡು ಉಳಿದದ್ದು ಮಡಚಿಕೊಳ್ಳುತ್ತದೆ. ಆದ್ದರಿಂದ ದೇವರ ಶ್ಲೋಕ, ಹೂವಿನ ಚಿತ್ರ ಎಲ್ಲ ಮೇಲೆ ಬೇಡ. ಕಾರ್ಡು ಯಾವುದು ಎಂಬುದೇ ಮೊದಲ ಸಾಲಾಗಲಿ.

ಎಲ್ಲ ಸೇರಿಸಿದರೆ 14ನೇ ನಂಬರಿನ ಕೆಳಗೆ ಹೀಗೆ ಬರುತ್ತದೆ:

> ಮಾದರಿ 14: ಮಡಚುವ ಲಗ್ನಪತ್ರಿಕೆ, ಕೆನೆ ಬಣ್ಣ, ಚಿನ್ನದ ಫಾಯಿಲ್ ಗಣಪತಿ
> ಒಂದು ಮ್ಯಾಟರಿಗೆ ಕನಿಷ್ಠ 100 ಕಾರ್ಡು, ನಂತರ 50ರ ಲೆಕ್ಕದಲ್ಲಿ
> ಪ್ರೂಫ್ ಓಕೆ ಆದ ಮೇಲೆ 4 ಕೆಲಸದ ದಿನ, ಭಾನುವಾರ ಬಿಟ್ಟು (ಏಪ್ರಿಲ್, ಮೇ: 7 ದಿನ)
> ಎರಡು ಬಣ್ಣದ ಪ್ರಿಂಟ್, ಕವರ್ ಸೇರಿ
> ಬೇಕಾದವರು 14 ಎಂದು ವಾಟ್ಸ್‌ಆ್ಯಪ್ ಮಾಡಿ, ರೇಟು ಕಳಿಸುತ್ತೇವೆ

ರೇಟನ್ನು ಇಲ್ಲೇ ಹಾಕಬಹುದು. ನಾನು ಹಾಕುವುದಿಲ್ಲ. ಕಾರ್ಡಿನ ಬೆಲೆ ಏರಿದ ಮೇಲೂ ಹಳೇ ಫೋಟೋ ತೋರಿಸಿ 'ಇದರಲ್ಲಿ ಹೀಗಿದೆಯಲ್ಲ' ಎನ್ನುವವರು ಎರಡು ವರ್ಷದ ನಂತರವೂ ಬರುತ್ತಾರೆ.