ಮೋಟಾರಿನ ಖರ್ಚು: ಪ್ಲೇಟ್ ಬಿಟ್ಟು ಮೀಟರ್ ನೋಡಿದ್ದು

ಒಂದು ಟ್ಯಾಂಕ್ ನೀರೆತ್ತಲು ಎಷ್ಟು ಕರೆಂಟ್ ಖರ್ಚು ಅಂತ ಲೆಕ್ಕ ಹಾಕಲು ಹೊರಟರೆ, ‘ಒಂದು ಹೆಚ್‌ಪಿ ಅಂದ್ರೆ ಗಂಟೆಗೆ ಮುಕ್ಕಾಲು ಯೂನಿಟ್, ಅದಕ್ಯಾಕೆ ಇಷ್ಟು ಲೆಕ್ಕ ಮಾರಾಯ್ರೆ’ ಅಂದವರೇ ಹೆಚ್ಚು. ತೀರ್ಥಹಳ್ಳಿ ಕಡೆಯ ಈ ಬಾವಿಗೆ ಕೂರಿಸಿದ್ದು ಒಂದು ಹೆಚ್‌ಪಿ ಮಾನೋಬ್ಲಾಕ್, ಮೇಲೆ ಸಾವಿರ ಲೀಟರ್ ಟ್ಯಾಂಕ್. ಮೊದಲು ನಾನೂ 0.746ನ್ನೇ ಗಂಟೆಗೆ, ದರಕ್ಕೆ ಗುಣಿಸುತ್ತಿದ್ದೆ. ಬಿಲ್ಲಿಗೆ ತಾಳೆಯೇ ಆಗಲಿಲ್ಲ. ಮೋಟಾರಿನ ಪ್ಲೇಟಿನ ಮೇಲೆ ಬರೆದ ಹೆಚ್‌ಪಿ ಶಾಫ್ಟಿನಲ್ಲಿ ಸಿಗುವ ಶಕ್ತಿ. ಮೋಟಾರ್ ಲೈನಿನಿಂದ ಎಳೆಯುವುದು ಅದಕ್ಕಿಂತ ಜಾಸ್ತಿ. ಆಮೇಲೆ ಕ್ಲ್ಯಾಂಪ್ ಮೀಟರ್ ಹಾಕಿದೆ. 220 ವೋಲ್ಟ್, 6.2 ಆಂಪ್, ಗುಣಿಸಿ ಸಾವಿರದಿಂದ ಭಾಗಿಸಿದರೆ 1.36 ಬಂತು. ಪವರ್ ಫ್ಯಾಕ್ಟರ್ ಬಿಟ್ಟುಹೋಗಿದ್ದರಿಂದ ಅದೂ ತಪ್ಪು, ಈ ಸಲ ಹೆಚ್ಚಾಗಿ.

ಸರಿಹೋದದ್ದು ಮನೆ ಮೀಟರಿನ ಕೆಂಪು ದೀಪದಿಂದ. ಮೋಟಾರಿನದೊಂದು ಬಿಟ್ಟು ಉಳಿದ ಎಂಸಿಬಿ ಎಲ್ಲ ಇಳಿಸಿ, ನೀರು ಸಲೀಸಾಗಿ ಬರತೊಡಗಿದ ಮೇಲೆ ಒಂದು ನಿಮಿಷ ಮಿಣುಕು ಎಣಿಸಿದೆ: 58. ಮೀಟರಿನ ಮೇಲೆ 3200 imp/kWh ಅಂತಿತ್ತು, ಅಂದರೆ 3200 ಸಲ ಮಿಣುಕಿದರೆ ಒಂದು ಯೂನಿಟ್.

```
58 × 60 ÷ 3200 = 1.09 kW
1.09 × 24 ÷ 60 = 0.44 ಯೂನಿಟ್
```

ಟ್ಯಾಂಕ್ ತುಂಬಲು 24 ನಿಮಿಷ. ಯೂನಿಟ್ಟಿಗೆ ಆರು ರೂಪಾಯಿ ಹಿಡಿದರೆ ಟ್ಯಾಂಕಿಗೆ ಎರಡೂ ಮುಕ್ಕಾಲು ರೂಪಾಯಿಯ ಒಳಗೇ. ನಂಬದವರಿಗಾಗಿ ಐದು ದಿನ ಉಳಿದದ್ದೆಲ್ಲ ಆರಿಸಿಯೇ ತುಂಬಿಸಿ ರೀಡಿಂಗ್ ತೋರಿಸಿದೆ: ಐದು ಟ್ಯಾಂಕಿಗೆ 2.2 ಯೂನಿಟ್. ಆಮೇಲೆ ಯಾರೂ ಮಾತಾಡಲಿಲ್ಲ.

ದುಡ್ಡು ನಿಜವಾಗಿ ಸೋರಿದ್ದು ಮಳೆಗಾಲದಲ್ಲಿ. ಬಾವಿಗೆ ಬಿದ್ದ ಎಲೆ, ಕಸ ಫುಟ್‌ವಾಲ್ವಿನ ಜಾಲರಿಗೆ ಕಟ್ಟಿಕೊಂಡು ಟ್ಯಾಂಕ್ ತುಂಬಲು 41 ನಿಮಿಷ ಆಯ್ತು. ಮಿಣುಕು ಎಣಿಸಿದರೆ 53ಕ್ಕೆ ಇಳಿದಿತ್ತು! ಸೆಂಟ್ರಿಫ್ಯೂಗಲ್ ಪಂಪಿನಲ್ಲಿ ನೀರು ಕಮ್ಮಿಯಾದರೆ ಲೋಡೂ ಕಮ್ಮಿ. ಹಾಗಾಗಿ ಆಂಪ್ ಇಳಿದದ್ದು ನೋಡಿ ಉಳಿತಾಯ ಅಂದುಕೊಂಡರೆ ಕೆಟ್ಟಿರಿ. ಟ್ಯಾಂಕಿಗೆ 0.68 ಯೂನಿಟ್, ಅಂದರೆ ನಾಲ್ಕು ರೂಪಾಯಿಗೂ ಮೇಲೆ. ದಿನಕ್ಕೊಂದು ಟ್ಯಾಂಕ್ ಹಿಡಿದರೆ ತಿಂಗಳಿಗೆ ಏಳು ಯೂನಿಟ್ ಹೆಚ್ಚು. ಗೃಹಜ್ಯೋತಿಯಲ್ಲಿ 195ರ ಆಸುಪಾಸು ಇರುವ ಮನೆಗೆ ಈ ಏಳೇ ಸಾಕು. 200 ದಾಟಿತೋ, ಇಡೀ ಬಿಲ್ ಕಟ್ಟಬೇಕು. ಜಾಲರಿ ಉಜ್ಜಿ ಬಿಟ್ಟ ಮೇಲೆ ಮತ್ತೆ 24–25 ನಿಮಿಷಕ್ಕೆ ಬಂತು. ಕಸ ಮತ್ತೆ ಕಟ್ಟದ ಹಾಗೆ ಮಾಡಿದ ಏರ್ಪಾಡು ಸದ್ಯ ನನ್ನ ಹತ್ತಿರವೇ ಇರಲಿ.

ವಾಲ್ವ್ ಸೋರುತ್ತಿದ್ದರೆ ಗುರುತು ಬೇರೆ. ಸ್ವಿಚ್ ಹಾಕಿದ ಮೇಲೆ ನೀರು ಮೇಲೆ ಬರಲು ತಡವಾಗುತ್ತದೆ, ದಿನವೂ ಪ್ರೈಮಿಂಗ್ ಕೇಳುತ್ತದೆ. ಆಗ ಉಜ್ಜಿ ಪ್ರಯೋಜನವಿಲ್ಲ, ವಾಷರ್ ನೋಡಬೇಕು.

ಒಂದಿಂಚಿನ ಡೆಲಿವರಿ ಪೈಪ್ ತೆಗೆದು ಒಂದೂಕಾಲು ಇಂಚಿನದು ಹಾಕಿಯೂ ನೋಡಿದೆ. ಸಮಯ 21 ನಿಮಿಷಕ್ಕೆ ಇಳಿಯಿತು, ಮಿಣುಕು 60ಕ್ಕೆ ಏರಿತು. ಕೊನೆಗೆ ಉಳಿದದ್ದು ಟ್ಯಾಂಕಿಗೆ ಸುಮಾರು 25 ಪೈಸೆ. ಪೈಪಿಗೆ ಹೋದದ್ದು ಹೆಚ್ಚುಕಮ್ಮಿ 1800 ರೂಪಾಯಿ, ದಿನಕ್ಕೊಂದು ಟ್ಯಾಂಕಿನ ಲೆಕ್ಕದಲ್ಲಿ ವಾಪಸ್ ಬರಲು ಇಪ್ಪತ್ತು ವರ್ಷ. ಹೊಸ ಲೈನ್ ಎಳೆಯುವಾಗ ಮಾತ್ರ ದಪ್ಪದ್ದು ಹಾಕಿ, ಇರುವುದನ್ನು ಕೀಳಬೇಡಿ.